ಒಂದೇ ಕೆರೆ, ನಾಲ್ಕು ವಿಸ್ತೀರ್ಣ: ನಕ್ಷೆಯ ಒಂದು ಚದರ ಸೆಂಟಿಮೀಟರ್ ನೆಲದಲ್ಲಿ ಎಷ್ಟಾಗುತ್ತದೆ?

ನಾಲ್ಕು ಜನರ ಒಂದು ತಂಡ. ಮೇಜಿನ ಮೇಲೆ ಒಂದು ಎ4 ಹಾಳೆ. ಅದರಲ್ಲಿ ಒಂದು ಕೆರೆಯ ನಕ್ಷೆ, ಕೆಳಗಡೆ 1:25,000 ಎಂದು ಅಚ್ಚಾಗಿದೆ. ಕೆರೆಯಲ್ಲಿ ಎಷ್ಟು ನೀರು ನಿಲ್ಲಬಹುದು ಎಂದು ಅಂದಾಜು ಮಾಡಬೇಕು. ಅದಕ್ಕೆ ಮೊದಲು ಕೆರೆಯ ವಿಸ್ತೀರ್ಣ ಗೊತ್ತಾಗಬೇಕು. ಕೆಲಸ ಇಷ್ಟೇ.

ನಕ್ಷೆಯ ಮೇಲೆ ಕೆರೆ ಎಷ್ಟು ಜಾಗ ಹಿಡಿದಿದೆ ಎಂಬುದರಲ್ಲಿ ಜಗಳವೇ ಇರಲಿಲ್ಲ. ಎಲ್ಲರೂ ಸೇರಿ ಅಳೆದರು, 10.1 ಚದರ ಸೆಂಟಿಮೀಟರ್ ಬಂತು. ಆಮೇಲೆ ಒಬ್ಬೊಬ್ಬರು ಒಂದೊಂದು ಉತ್ತರ ಬರೆದರು. ಮೊದಲನೆಯವರದು 2,525 ಚದರ ಮೀಟರ್. ಎರಡನೆಯವರದು 2.5 ಚದರ ಕಿಲೋಮೀಟರ್. ಮೂರನೆಯವರದು 0.63 ಚದರ ಕಿಲೋಮೀಟರ್. ನಾಲ್ಕನೆಯವರದು 0.89 ಚದರ ಕಿಲೋಮೀಟರ್.

ಮೊದಲ ಎರಡು ಉತ್ತರಗಳ ನಡುವೆ ಸಾವಿರ ಪಟ್ಟು ವ್ಯತ್ಯಾಸ. ಕೊನೆಯ ಎರಡು ಹತ್ತಿರ ಹತ್ತಿರ ಇವೆ, ನೋಡಿದರೆ ನಂಬಬಹುದು ಅನ್ನಿಸುತ್ತದೆ. ಆದರೆ ನಾಲ್ಕೂ ತಪ್ಪು. ಕೆರೆಯ ನಿಜವಾದ ವಿಸ್ತೀರ್ಣ ಸುಮಾರು 1.25 ಚದರ ಕಿಲೋಮೀಟರ್, ಅಂದರೆ 125 ಹೆಕ್ಟೇರ್. ಒಂದೇ ಅಳತೆಯಿಂದ ಹೊರಟವರು ಎಲ್ಲೆಲ್ಲಿ ದಾರಿ ತಪ್ಪಿದರು, ಸರಿಯಾದ ಉತ್ತರ ಹೇಗೆ ಸಿಕ್ಕಿತು ಎಂಬುದೇ ಈ ಪ್ರಕರಣ.

ಮೊದಲ ಇಬ್ಬರು: ತಪ್ಪು ಒಂದೇ, ಉತ್ತರ ಬೇರೆ

1:25,000 ಅಂದರೆ ನಕ್ಷೆಯ ಮೇಲಿನ 1 ಸೆಂಟಿಮೀಟರ್ ನೆಲದ ಮೇಲೆ 25,000 ಸೆಂಟಿಮೀಟರ್. ಅಂದರೆ 250 ಮೀಟರ್. ಇದನ್ನು ನಾಲ್ವರೂ ಸರಿಯಾಗಿಯೇ ಹೇಳಿದರು.

ಮೊದಲನೆಯವರು ನೇರವಾಗಿ ಗುಣಿಸಿದರು: 10.1 × 250 = 2,525. ಮೀಟರ್‌ನಲ್ಲಿ ಗುಣಿಸಿದ್ದರಿಂದ 'ಚದರ ಮೀಟರ್' ಎಂದು ಪಕ್ಕದಲ್ಲಿ ಬರೆದರು. ಎರಡನೆಯವರಿಗೆ ಕಿಲೋಮೀಟರ್ ಅನುಕೂಲ ಅನ್ನಿಸಿತು. 250 ಮೀಟರ್ ಅಂದರೆ 0.25 ಕಿಲೋಮೀಟರ್. ಹಾಗಾಗಿ 10.1 × 0.25 = 2.525, 'ಚದರ ಕಿಲೋಮೀಟರ್'.

ಇಬ್ಬರೂ ಮಾಡಿದ್ದು ಒಂದೇ ಲೆಕ್ಕ. ಹಾಗಿದ್ದರೆ ಉತ್ತರವೂ ಒಂದೇ ಆಗಬೇಕಿತ್ತು, ಅಲ್ವಾ? ಒಂದು ಚದರ ಕಿಲೋಮೀಟರ್‌ಗೆ ಹತ್ತು ಲಕ್ಷ ಚದರ ಮೀಟರ್. ಎರಡನೆಯವರ ಉತ್ತರವನ್ನು ಚದರ ಮೀಟರ್‌ಗೆ ತಂದರೆ 25,25,000. ಮೊದಲನೆಯವರದು 2,525. ಅಳತೆಯ ಘಟಕ ಬದಲಾಯಿಸಿದ ಮಾತ್ರಕ್ಕೆ ಕೆರೆ ಸಾವಿರ ಪಟ್ಟು ಹಿಗ್ಗಿದೆ.

ಈ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ ಜಾಗ ಇದು. ಲೆಕ್ಕದ ವಿಧಾನ ಸರಿ ಇದ್ದರೆ ಯಾವ ಘಟಕದಲ್ಲಿ ಮಾಡಿದರೂ ಅದೇ ನೆಲ ಬರಬೇಕು. ಘಟಕ ಬದಲಾಯಿಸಿದಾಗ ನೆಲವೇ ಬದಲಾದರೆ, ವಿಧಾನದಲ್ಲೇ ತಪ್ಪಿದೆ. ಸರಿ ಉತ್ತರ ಏನೆಂದು ಗೊತ್ತಿಲ್ಲದಿದ್ದರೂ ಈ ಪರೀಕ್ಷೆ ಮಾಡಬಹುದು. ಒಂದು ಸಲ ಮೀಟರ್‌ನಲ್ಲಿ, ಒಂದು ಸಲ ಕಿಲೋಮೀಟರ್‌ನಲ್ಲಿ ಮಾಡಿ ನೋಡಿದರೆ ಸಾಕು.

ಎಲ್ಲಿ ತಪ್ಪಾಯಿತು? ನಕ್ಷೆಯ ಮೇಲೆ 1 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲದ ಒಂದು ಚೌಕ ತೆಗೆದುಕೊಳ್ಳಿ. ನೆಲದ ಮೇಲೆ ಅದರ ಉದ್ದ 250 ಮೀಟರ್. ಅಗಲವೂ 250 ಮೀಟರ್. ಹಾಗಾಗಿ ಆ ಚೌಕದೊಳಗಿನ ನೆಲ 250 × 250 = 62,500 ಚದರ ಮೀಟರ್, ಅಂದರೆ 6.25 ಹೆಕ್ಟೇರ್. ಇಬ್ಬರೂ ಒಂದು ದಿಕ್ಕನ್ನು ಮಾತ್ರ ಹಿಗ್ಗಿಸಿ, ಇನ್ನೊಂದನ್ನು ಹಾಗೇ ಬಿಟ್ಟುಬಿಟ್ಟಿದ್ದರು.

ಕೆರೆ ಚೌಕಾಕಾರ ಅಲ್ಲವಲ್ಲ, ಅಂಕುಡೊಂಕು ದಡ ಇರುವಾಗ ಈ ಲೆಕ್ಕ ನಡೆಯುತ್ತದೆಯೇ ಎಂದು ತಂಡದಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಕೆರೆಯ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಎಂದುಕೊಳ್ಳಿ. ಪ್ರತಿ ಚೌಕವೂ ನೆಲದ ಮೇಲೆ ಅಷ್ಟೇ ಪಟ್ಟು ಹಿಗ್ಗುತ್ತದೆ. ಎಲ್ಲ ತುಂಡುಗಳೂ ಅಷ್ಟೇ ಪಟ್ಟು ಹಿಗ್ಗಿದರೆ ಅವುಗಳ ಮೊತ್ತವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ದಡದ ಬಳಿ ಉಳಿಯುವ ತುಣುಕುಗಳನ್ನು ಇನ್ನೂ ಸಣ್ಣ ಚೌಕಗಳಾಗಿ ಮಾಡಿಕೊಳ್ಳುತ್ತಾ ಹೋಗಬಹುದು. ಆದ್ದರಿಂದ ಆಕಾರ ಯಾವುದೇ ಇರಲಿ, ನಿಯಮ ಒಂದೇ:

ನೆಲದ ವಿಸ್ತೀರ್ಣ = ನಕ್ಷೆಯ ವಿಸ್ತೀರ್ಣ × (ಸ್ಕೇಲ್)²

ಇಲ್ಲಿ ಸ್ಕೇಲ್ ಅಂದರೆ 25,000. ಅದರ ವರ್ಗ 62.5 ಕೋಟಿ. ಅಷ್ಟು ದೊಡ್ಡ ಸಂಖ್ಯೆ ಇಟ್ಟುಕೊಂಡು ಲೆಕ್ಕ ಮಾಡಿದರೆ ಸೊನ್ನೆಗಳು ತಪ್ಪಿಹೋಗುತ್ತವೆ. ಅದಕ್ಕೇ ಮೊದಲು 1 ಸೆಂಟಿಮೀಟರ್‌ಗೆ ಎಷ್ಟು ಮೀಟರ್ ಎಂದು ಬರೆದುಕೊಂಡು, ಆಮೇಲೆ ಅದನ್ನು ವರ್ಗ ಮಾಡುವುದು ವಾಸಿ. ಮೀಟರ್‌ನಲ್ಲಿ: 10.1 × 62,500 = 6,31,250 ಚದರ ಮೀಟರ್. ಕಿಲೋಮೀಟರ್‌ನಲ್ಲಿ: 10.1 × 0.0625 = 0.63125 ಚದರ ಕಿಲೋಮೀಟರ್. ಈಗ ಎರಡೂ ಒಂದೇ ನೆಲ.

ಮೊದಲನೆಯವರ 2,525 ಚದರ ಮೀಟರ್ ಬೇಗ ಸಿಕ್ಕಿಬಿತ್ತು. ಅದು 50 ಮೀಟರ್‌ಗೆ 50 ಮೀಟರ್ ಜಾಗ. ಕೆರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಕ್ಷೆಯಲ್ಲೇ 4 ಸೆಂಟಿಮೀಟರ್‌ಗಿಂತ ಜಾಸ್ತಿ ಇದೆ, ಅಂದರೆ ಒಂದು ಕಿಲೋಮೀಟರ್‌ಗೂ ಜಾಸ್ತಿ. ಅಷ್ಟು ಉದ್ದದ ಕೆರೆ ಇಷ್ಟು ಚಿಕ್ಕದಾಗಿರಲು ಸಾಧ್ಯವಿಲ್ಲ. ಆದರೆ ಎರಡನೆಯವರ 2.5 ಚದರ ಕಿಲೋಮೀಟರ್ ಮಾತ್ರ ಮೇಲ್ನೋಟಕ್ಕೆ ಸರಿ ಇರಬಹುದು ಅನ್ನಿಸುತ್ತದೆ. ನಿಜವಾಗಿ ತೊಂದರೆ ಕೊಡುವುದು ಇಂಥ ಉತ್ತರ.

ಎರಡನೆಯವರು ಈ ಅಭ್ಯಾಸ ಎಲ್ಲಿಂದ ತಂದರು ಎಂದು ಕೇಳಿದಾಗ ಇನ್ನೊಂದು ವಿಷಯ ತಿಳಿಯಿತು. ಅವರು ಹಿಂದೆ ಕೆಲಸ ಮಾಡಿದ್ದು 1:1,00,000 ನಕ್ಷೆಗಳ ಮೇಲೆ. ಅಲ್ಲಿ 1 ಸೆಂಟಿಮೀಟರ್ ಅಂದರೆ ಸರಿಯಾಗಿ 1 ಕಿಲೋಮೀಟರ್. 1 ರ ವರ್ಗವೂ 1. ವರ್ಗ ಮಾಡಿದರೂ ಮಾಡದಿದ್ದರೂ ಉತ್ತರ ಒಂದೇ! ಹಾಗಾಗಿ ತಪ್ಪು ವಿಧಾನವೇ ಅಲ್ಲಿ ಸರಿ ಉತ್ತರ ಕೊಡುತ್ತಾ ಬಂದಿತ್ತು. ಅದೇ ವಿಧಾನವನ್ನು 1:25,000 ನಕ್ಷೆಗೆ ತಂದಾಗ ಉತ್ತರ ನಾಲ್ಕು ಪಟ್ಟು ಜಾಸ್ತಿ ಆಗುತ್ತದೆ, ಏಕೆಂದರೆ 0.0625 ಹಾಕಬೇಕಾದ ಕಡೆ 0.25 ಹಾಕಿದ್ದಾರೆ. 1:50,000 ನಕ್ಷೆಯಲ್ಲಾದರೆ ಎರಡು ಪಟ್ಟು ಜಾಸ್ತಿ ಬರುತ್ತಿತ್ತು. ಸ್ಕೇಲ್ ಬದಲಾದಂತೆ ತಪ್ಪಿನ ಗಾತ್ರವೂ ಬದಲಾಗುತ್ತದೆ.

ಮೂರನೆಯವರು: ವರ್ಗ ಸರಿ, ಸ್ಕೇಲ್ ತಪ್ಪು

ಮೂರನೆಯವರು ವರ್ಗ ಮಾಡುವುದನ್ನು ಮರೆತಿರಲಿಲ್ಲ. 10.1 × 0.0625 = 0.63. ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಆದರೂ ಉತ್ತರ ನಿಜವಾದದ್ದರ ಅರ್ಧ ಮಾತ್ರ.

ಕಾರಣ ಹಾಳೆಯಲ್ಲೇ ಇದೆ. ಈ ನಕ್ಷೆ ಮೂಲತಃ ಎ3 ಹಾಳೆಯಲ್ಲಿ ಅಚ್ಚಾಗಿದ್ದು. ಮೇಜಿನ ಮೇಲಿದ್ದದ್ದು ಅದನ್ನು ಎ4ಗೆ ಕುಗ್ಗಿಸಿ ತೆಗೆದ ಜೆರಾಕ್ಸ್. ಚಿತ್ರ ಕುಗ್ಗಿದರೂ 1:25,000 ಎಂಬ ಅಕ್ಷರ ಹಾಗೇ ಉಳಿದಿತ್ತು. ಅಕ್ಷರದ ಗಾತ್ರ ಚಿಕ್ಕದಾಯಿತು, ಅದು ಹೇಳುವ ಸಂಖ್ಯೆ ಬದಲಾಗಲಿಲ್ಲ.

ಅಂಕಿಯಲ್ಲಿ ಬರೆದ ಸ್ಕೇಲ್‌ಗೆ ಇರುವ ದೊಡ್ಡ ದೌರ್ಬಲ್ಯ ಇದು. ಅದು ಮೂಲ ಅಚ್ಚಿನ ಗಾತ್ರಕ್ಕೆ ಮಾತ್ರ ನಿಜ. ಕುಗ್ಗಿಸಿದ ಜೆರಾಕ್ಸ್, ಹಿಗ್ಗಿಸಿದ ಜೆರಾಕ್ಸ್, ಪಿಡಿಎಫ್‌ನಿಂದ 'ಹಾಳೆಗೆ ಹೊಂದಿಸಿ' ಎಂದು ಒತ್ತಿ ತೆಗೆದ ಪ್ರಿಂಟ್, ಮೊಬೈಲ್‌ನಲ್ಲಿ ಬೆರಳಿನಿಂದ ಹಿಗ್ಗಿಸಿದ ಚಿತ್ರ, ಈ ಯಾವುದಕ್ಕೂ ಆ ಅಂಕಿ ಹೊಂದುವುದಿಲ್ಲ. ಆದರೆ ನಕ್ಷೆಯ ಮೇಲೆ ಗೆರೆಯಾಗಿ ಎಳೆದ ಸ್ಕೇಲ್ ಬಾರ್ ಹಾಗಲ್ಲ. ಚಿತ್ರ ಕುಗ್ಗಿದರೆ ಅದೂ ಅಷ್ಟೇ ಕುಗ್ಗುತ್ತದೆ. ಗ್ರಿಡ್ ಗೆರೆಗಳೂ ಅಷ್ಟೇ. ಹಾಗಾಗಿ ಪ್ರತಿ ತೆಗೆದ ಮೇಲೆ ನಂಬಬೇಕಾದದ್ದು ಗೆರೆಯನ್ನು, ಅಂಕಿಯನ್ನಲ್ಲ.

ಈ ನಕ್ಷೆಯಲ್ಲಿ ಒಂದು ಕಿಲೋಮೀಟರ್ ಅಂತರದ ಗ್ರಿಡ್ ಗೆರೆಗಳಿದ್ದವು. 1:25,000ದಲ್ಲಿ ಒಂದು ಕಿಲೋಮೀಟರ್ ಅಂದರೆ ಸರಿಯಾಗಿ 4 ಸೆಂಟಿಮೀಟರ್ ಇರಬೇಕು. ಅಳತೆಪಟ್ಟಿ ಇಟ್ಟು ನೋಡಿದರೆ 2.84 ಸೆಂಟಿಮೀಟರ್. ಅರ್ಧ ನಿಮಿಷದ ಕೆಲಸ. ಅಲ್ಲಿಗೆ ಗುಟ್ಟು ಹೊರಬಿತ್ತು.

ನಾಲ್ಕನೆಯವರು: 71 ಶೇಕಡಾ ಯಾವುದರದ್ದು?

ಜೆರಾಕ್ಸ್ ತೆಗೆಸಿದ್ದು ನಾಲ್ಕನೆಯವರೇ. ಯಂತ್ರದಲ್ಲಿ 71% ಎಂದು ಒತ್ತಿದ್ದು ಅವರಿಗೆ ನೆನಪಿತ್ತು. ಹಾಗಾಗಿ ಮೂರನೆಯವರಿಗಿಂತ ಒಂದು ಹೆಜ್ಜೆ ಮುಂದೆ ಹೋದರು. 'ಮೂಲದಲ್ಲಿ ಕೆರೆ ಇನ್ನೂ ದೊಡ್ಡದಿತ್ತು, ಈಗ 71% ಆಗಿದೆ. ಹಾಗಾದರೆ ಮೂಲದಲ್ಲಿ 10.1 ÷ 0.71 = 14.2 ಚದರ ಸೆಂಟಿಮೀಟರ್.' ಅದನ್ನು 0.0625 ರಿಂದ ಗುಣಿಸಿ 0.89 ಪಡೆದರು.

ನಕ್ಷೆಯಿಂದ ನೆಲಕ್ಕೆ ಹೋಗುವಾಗ ವರ್ಗ ಮಾಡಿದರು. ಆದರೆ ಪ್ರತಿಯಿಂದ ಮೂಲಕ್ಕೆ ಹೋಗುವಾಗ ಮಾಡಲಿಲ್ಲ. ಜೆರಾಕ್ಸ್ ಯಂತ್ರದ ಶೇಕಡಾ ಉದ್ದದ ಶೇಕಡಾ, ವಿಸ್ತೀರ್ಣದ್ದಲ್ಲ. ಎ3 ಹಾಳೆ 420 × 297 ಮಿಲಿಮೀಟರ್. ಎ4 ಹಾಳೆ 297 × 210 ಮಿಲಿಮೀಟರ್. ಉದ್ದವೂ ಸುಮಾರು 0.71 ಪಟ್ಟು, ಅಗಲವೂ ಸುಮಾರು 0.71 ಪಟ್ಟು. ಎರಡನ್ನೂ ಗುಣಿಸಿದರೆ 0.5. ಎ3ಯನ್ನು ನಡುವೆ ಮಡಚಿದರೆ ಎ4 ಬರುವುದು ಇದೇ ಕಾರಣಕ್ಕೆ. 71 ಎಂಬ ವಿಚಿತ್ರ ಸಂಖ್ಯೆ ಬಂದಿರುವುದೂ ಇಲ್ಲಿಂದಲೇ: ಅರ್ಧದ ವರ್ಗಮೂಲ 0.7071.

ಹಾಗಾಗಿ ಪ್ರತಿಯಲ್ಲಿ ಕೆರೆ 71% ಆಗಿಲ್ಲ, ಅರ್ಧವಾಗಿದೆ. ಮೂಲದಲ್ಲಿ ಅದು 10.1 ÷ (0.71)², ಅಂದರೆ ಸುಮಾರು 20 ಚದರ ಸೆಂಟಿಮೀಟರ್. 20 × 0.0625 = 1.25 ಚದರ ಕಿಲೋಮೀಟರ್. ನಾಲ್ಕನೆಯವರು ತಮ್ಮ ದಾರಿಯಲ್ಲೇ ಇನ್ನೊಂದು ಸಲ 0.71 ರಿಂದ ಭಾಗಿಸಿದ್ದರೆ ಗುರಿ ಮುಟ್ಟುತ್ತಿದ್ದರು.

ಎರಡನೆಯವರ 2.5 ಅನ್ನು ಈಗ ಮತ್ತೆ ನೋಡಿ. ವರ್ಗ ಬಿಟ್ಟದ್ದರಿಂದ ಉತ್ತರ ನಾಲ್ಕು ಪಟ್ಟು ಹಿಗ್ಗಿತ್ತು. ಪ್ರತಿ ಕುಗ್ಗಿದ್ದನ್ನು ಗಮನಿಸದ್ದರಿಂದ ಅರ್ಧಕ್ಕೆ ಇಳಿದಿತ್ತು. ಎರಡು ತಪ್ಪುಗಳು ಒಂದನ್ನೊಂದು ಸ್ವಲ್ಪ ಮುಚ್ಚಿಕೊಂಡು ಕೊನೆಗೆ ಎರಡು ಪಟ್ಟಿನಲ್ಲಿ ನಿಂತವು. ಉತ್ತರ ಸರಿ ಉತ್ತರಕ್ಕೆ ಎಷ್ಟು ಹತ್ತಿರ ಇದೆ ಎಂಬುದರಿಂದ ವಿಧಾನ ಎಷ್ಟು ಸರಿ ಎಂದು ಅಳೆಯಲು ಆಗುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಸ್ಕೇಲ್ ಸಂಖ್ಯೆಯೇ ಬೇಡದ ದಾರಿ

ತಂಡ ಕೊನೆಗೆ ಹಿಡಿದ ದಾರಿ ಇನ್ನೂ ಸರಳ. ನನ್ನ ಪ್ರಕಾರ ಎಲ್ಲರೂ ಮೊದಲು ಇದನ್ನೇ ಕಲಿಯಬೇಕು.

ಕೆರೆಯನ್ನು ಅಳೆದದ್ದು ಹೇಗೆ ಎಂಬುದನ್ನು ಇಲ್ಲಿ ಹೇಳಬೇಕು. ಪಾರದರ್ಶಕ ಹಾಳೆಯ ಮೇಲೆ ಅರ್ಧ ಸೆಂಟಿಮೀಟರ್ ಚೌಕಗಳನ್ನು ಅಚ್ಚು ಮಾಡಿಕೊಂಡಿದ್ದರು. ಅದನ್ನು ಕೆರೆಯ ಮೇಲೆ ಇಟ್ಟು, ಪೂರ್ತಿ ಒಳಗೆ ಬಿದ್ದ ಚೌಕಗಳನ್ನು ಎಣಿಸಿದರು: 24. ದಡದ ಗೆರೆ ಹಾದುಹೋಗುವ ಚೌಕಗಳು 33. ಅವುಗಳಲ್ಲಿ ಕೆಲವು ಹೆಚ್ಚು ಒಳಗೆ, ಕೆಲವು ಹೆಚ್ಚು ಹೊರಗೆ ಇರುತ್ತವೆ. ಸರಾಸರಿ ಅರ್ಧ ಎಂದು ತೆಗೆದುಕೊಂಡರೆ 16.5. ಒಟ್ಟು 40.5 ಚೌಕ. ಒಂದೊಂದೂ 0.25 ಚದರ ಸೆಂಟಿಮೀಟರ್, ಹಾಗಾಗಿ 10.1. ಪಾರದರ್ಶಕ ಹಾಳೆಯನ್ನು ಸ್ವಲ್ಪ ಸರಿಸಿ, ಸ್ವಲ್ಪ ತಿರುಗಿಸಿ ಮತ್ತೆ ಎಣಿಸಿದಾಗ 40 ಒಂದು ಸಲ, 41 ಒಂದು ಸಲ ಬಂತು. ಸರಾಸರಿ ಅದೇ 40.5. ಹೀಗೆ ಸರಿಸಿ ಎಣಿಸುವುದರಿಂದ ಎಣಿಕೆ ಎಷ್ಟು ಅಲುಗಾಡುತ್ತದೆ ಎಂಬುದೂ ಗೊತ್ತಾಗುತ್ತದೆ. ಇಲ್ಲಿ ಅದು ಅರ್ಧ ಚೌಕದಷ್ಟು, ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ.

ಈಗ ಅದೇ ಅರ್ಧ ಸೆಂಟಿಮೀಟರ್ ಚೌಕಗಳಿಂದ ನಕ್ಷೆಯ ಗ್ರಿಡ್ ಚೌಕವನ್ನೂ ಅಳೆಯಿರಿ. ಅದರ ಬದಿ 2.84 ಸೆಂಟಿಮೀಟರ್, ಅಂದರೆ ಅರ್ಧ ಸೆಂಟಿಮೀಟರ್‌ನ 5.68 ಪಟ್ಟು. 5.68 × 5.68 = 32.3. ಅಂದರೆ ಒಂದು ಚದರ ಕಿಲೋಮೀಟರ್ ನೆಲ ಈ ಹಾಳೆಯಲ್ಲಿ 32.3 ಪುಟ್ಟ ಚೌಕಗಳಷ್ಟು ಜಾಗ ಹಿಡಿಯುತ್ತದೆ. ಕೆರೆ ಹಿಡಿದದ್ದು 40.5. ಹಾಗಾದರೆ ಕೆರೆ 40.5 ÷ 32.3 = 1.25 ಚದರ ಕಿಲೋಮೀಟರ್.

ಇಲ್ಲಿ 25,000 ಎಲ್ಲೂ ಬರಲಿಲ್ಲ. 71% ಕೂಡ ಬರಲಿಲ್ಲ. ಪ್ರತಿ ಎಷ್ಟು ಕುಗ್ಗಿದೆ ಎಂದು ಯಾರಿಗೂ ಗೊತ್ತಿಲ್ಲದಿದ್ದರೂ ಉತ್ತರ ಇದೇ ಬರುತ್ತಿತ್ತು. ಏಕೆಂದರೆ ನೆಲ ಗೊತ್ತಿರುವ ಒಂದು ಜಾಗವನ್ನು, ನೆಲ ಗೊತ್ತಿಲ್ಲದ ಇನ್ನೊಂದು ಜಾಗದ ಜೊತೆ, ಒಂದೇ ಹಾಳೆಯಲ್ಲಿ ಹೋಲಿಸಿದ್ದೇವೆ. ಸ್ಕೇಲ್‌ನ ವರ್ಗ ಎಲ್ಲಿಗೂ ಹೋಗಿಲ್ಲ. ಅದು 5.68 × 5.68 ರ ಒಳಗೇ ಕೂತಿದೆ.

ಸ್ಕೇಲ್ ಬಾರ್ ಮಾತ್ರ ಇದ್ದು ಗ್ರಿಡ್ ಇಲ್ಲದ ನಕ್ಷೆಯಾದರೆ? ಬಾರ್‌ನ ಒಂದು ಕಿಲೋಮೀಟರ್ ಉದ್ದವನ್ನೇ ಬದಿಯಾಗಿಟ್ಟುಕೊಂಡು ಒಂದು ಚೌಕ ಎಳೆದುಕೊಳ್ಳಿ. ಅದು ಒಂದು ಚದರ ಕಿಲೋಮೀಟರ್. ಮುಂದೆ ಅದೇ ಹೋಲಿಕೆ.

ಹೊಸ ಸ್ಕೇಲ್ ಬೇಕೇ ಬೇಕು ಎನ್ನುವವರು ಅದನ್ನೂ ತೆಗೆಯಬಹುದು. 2.84 ಸೆಂಟಿಮೀಟರ್‌ಗೆ 1 ಕಿಲೋಮೀಟರ್, ಅಂದರೆ 1 ಸೆಂಟಿಮೀಟರ್‌ಗೆ 352 ಮೀಟರ್. ಪ್ರತಿಯ ನಿಜವಾದ ಸ್ಕೇಲ್ ಸುಮಾರು 1:35,200. 0.352 ರ ವರ್ಗ 0.124. 10.1 × 0.124 = 1.25.

ಉದ್ದದ ಸಣ್ಣ ತಪ್ಪು ವಿಸ್ತೀರ್ಣದಲ್ಲಿ ಇಮ್ಮಡಿಯಾಗುತ್ತದೆ

ವರ್ಗಕ್ಕೆ ಇನ್ನೊಂದು ಪರಿಣಾಮ ಇದೆ. ಅಳತೆಪಟ್ಟಿಯಲ್ಲಿ 2.84 ಎಂದು ಓದಿದೆವು. ಕಣ್ಣಳತೆಯಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಆಗುವುದು ಸಹಜ. 28.4 ಮಿಲಿಮೀಟರ್‌ನಲ್ಲಿ ಅರ್ಧ ಮಿಲಿಮೀಟರ್ ಅಂದರೆ ಸುಮಾರು ಶೇಕಡಾ 1.8. ಆದರೆ ಆ ಉದ್ದವನ್ನು ಅದರಿಂದಲೇ ಗುಣಿಸುತ್ತೇವೆ. ತಪ್ಪು ಎರಡು ಸಲ ಒಳಗೆ ಬರುತ್ತದೆ. ವಿಸ್ತೀರ್ಣದಲ್ಲಿ ಅದು ಸುಮಾರು ಶೇಕಡಾ 3.5. 125 ಹೆಕ್ಟೇರ್‌ನಲ್ಲಿ ನಾಲ್ಕು ಹೆಕ್ಟೇರ್‌ಗೂ ಜಾಸ್ತಿ.

ಕಣ್ಣನ್ನು ಇನ್ನೂ ಚುರುಕು ಮಾಡಿ ಇದಕ್ಕೆ ಪರಿಹಾರ ಹುಡುಕಬೇಕಾಗಿಲ್ಲ. ಉದ್ದವಾದ ಗೆರೆ ಅಳೆದರೆ ಸಾಕು. ಒಂದು ಗ್ರಿಡ್ ಚೌಕದ ಬದಲು ಸಾಲಾಗಿ ಮೂರು ಚೌಕ ಅಳೆದರು: 8.52 ಸೆಂಟಿಮೀಟರ್. ಇಲ್ಲೂ ಅದೇ ಅರ್ಧ ಮಿಲಿಮೀಟರ್ ಅನುಮಾನ, ಆದರೆ ಈಗ ಅದು ಶೇಕಡಾ 0.6 ಮಾತ್ರ. ವಿಸ್ತೀರ್ಣದಲ್ಲಿ ಶೇಕಡಾ 1.2.

ಅಳೆಯುವಾಗ ಅಡ್ಡಕ್ಕೂ ಅಳೆದರು, ಉದ್ದಕ್ಕೂ ಅಳೆದರು. ಅಡ್ಡಕ್ಕೆ 8.52, ಉದ್ದಕ್ಕೆ 8.50. ಜೆರಾಕ್ಸ್ ಯಂತ್ರಗಳು ಎರಡೂ ದಿಕ್ಕಿನಲ್ಲಿ ಸರಿಸಮವಾಗಿ ಕುಗ್ಗಿಸುತ್ತವೆ ಎಂಬ ಖಾತ್ರಿ ಇಲ್ಲ. ಹಳೆಯ ಕಾಗದದ ನಕ್ಷೆಗಳು ತೇವಕ್ಕೆ ಒಂದು ದಿಕ್ಕಿನಲ್ಲಿ ಜಾಸ್ತಿ ಹಿಗ್ಗುವುದೂ ಉಂಟು. ಹಾಗಾದಾಗ 'ಸ್ಕೇಲ್‌ನ ವರ್ಗ' ಎನ್ನುವ ಮಾತನ್ನು 'ಎರಡು ದಿಕ್ಕಿನ ಸ್ಕೇಲ್‌ಗಳ ಗುಣಲಬ್ಧ' ಎಂದು ಓದಿಕೊಳ್ಳಬೇಕು. ಎರಡೂ ಸಮ ಇದ್ದಾಗ ಮಾತ್ರ ಅದು ವರ್ಗ. ಇಲ್ಲಿ ಒಂದು ಗ್ರಿಡ್ ಚೌಕ 2.84 × 2.83 = 8.04 ಚದರ ಸೆಂಟಿಮೀಟರ್. ಕೆರೆ 10.1 ÷ 8.04 = 1.26. ಮೊದಲಿನ 1.25ಕ್ಕೂ ಇದಕ್ಕೂ ಇರುವ ವ್ಯತ್ಯಾಸ ನಮ್ಮ ಅನುಮಾನದ ಒಳಗೇ ಇದೆ. ಆದರೂ ಎರಡು ದಿಕ್ಕು ಅಳೆದದ್ದು ವ್ಯರ್ಥ ಅಲ್ಲ. ದೊಡ್ಡ ವ್ಯತ್ಯಾಸ ಇಲ್ಲ ಎಂದು ಗೊತ್ತಾಯಿತಲ್ಲ.

ದಡದ ಗೆರೆಯ ದಪ್ಪವನ್ನೂ ಮರೆಯಬಾರದು. ಪ್ರತಿಯಲ್ಲಿ ಆ ಗೆರೆ ಸುಮಾರು 0.2 ಮಿಲಿಮೀಟರ್ ದಪ್ಪ. ಕಣ್ಣಿಗೆ ಏನೂ ಅಲ್ಲ. ನೆಲದ ಮೇಲೆ ಅದು 7 ಮೀಟರ್ ಅಗಲದ ಪಟ್ಟಿ. ಕೆರೆಯ ಸುತ್ತಳತೆ ಪ್ರತಿಯಲ್ಲಿ 13 ಸೆಂಟಿಮೀಟರ್, ನೆಲದಲ್ಲಿ ಸುಮಾರು 4.6 ಕಿಲೋಮೀಟರ್. 4,600 × 7 ಅಂದರೆ 3 ಹೆಕ್ಟೇರ್‌ಗೂ ಸ್ವಲ್ಪ ಜಾಸ್ತಿ. ಒಬ್ಬರು ಗೆರೆಯ ಒಳ ಅಂಚಿನವರೆಗೆ, ಇನ್ನೊಬ್ಬರು ಹೊರ ಅಂಚಿನವರೆಗೆ ಎಣಿಸಿದರೆ ಇಷ್ಟು ವ್ಯತ್ಯಾಸ ಬರುತ್ತದೆ. ತಂಡ ಗೆರೆಯ ನಡುಭಾಗವನ್ನೇ ದಡ ಎಂದು ಇಟ್ಟುಕೊಂಡಿತು.

ಎಲ್ಲ ಅನುಮಾನಗಳನ್ನೂ ಸೇರಿಸಿ ನೋಡಿದರೆ 125 ಹೆಕ್ಟೇರ್, ಮೂರು ನಾಲ್ಕು ಹೆಕ್ಟೇರ್ ಆಚೀಚೆ ಎನ್ನಬಹುದು. 125.94 ಹೆಕ್ಟೇರ್ ಎಂದು ಬರೆದರೆ ಕ್ಯಾಲ್ಕುಲೇಟರ್‌ನ ಅಂಕಿಗಳನ್ನು ನೆಲದ ಅಳತೆ ಎಂದು ಹೇಳಿದಂತೆ. ಮೂಲ ಎ3 ನಕ್ಷೆ ಆಮೇಲೆ ಕೈಗೆ ಸಿಕ್ಕಾಗ ಅದರ ಮೇಲೂ ಎಣಿಸಿದರು. 20.1 ಚದರ ಸೆಂಟಿಮೀಟರ್ ಬಂತು. 6.25 ರಿಂದ ಗುಣಿಸಿದರೆ 126 ಹೆಕ್ಟೇರ್. ಗ್ರಿಡ್ ಅಲ್ಲಿ ಸರಿಯಾಗಿ 4 ಸೆಂಟಿಮೀಟರ್ ಇತ್ತು, ಹಾಗಾಗಿ ಅಚ್ಚಾದ ಸ್ಕೇಲ್ ಅನ್ನು ನಂಬಬಹುದಿತ್ತು.

ಇದೇ ಲೆಕ್ಕ ಕೆರೆಯ ಆಚೆ ಎಷ್ಟು ನಡೆಯುತ್ತದೆ?

ಕೆರೆಯ ಮೇಲ್ಮೈ ಸಮತಟ್ಟು. ಅದು ನಮ್ಮ ಅದೃಷ್ಟ. ಪಕ್ಕದ ಗುಡ್ಡದ ಇಳಿಜಾರಿನ ವಿಸ್ತೀರ್ಣವನ್ನೂ ಇದೇ ರೀತಿ ತೆಗೆಯೋಣ ಎಂದು ತಂಡದವರು ಹೊರಟಾಗ ಒಂದು ಮಿತಿ ಎದುರಾಯಿತು. ನಕ್ಷೆ ನೆಲವನ್ನು ನೇರ ಮೇಲಿನಿಂದ ನೋಡಿದಂತೆ ತೋರಿಸುತ್ತದೆ. ಇಳಿಜಾರು ಅದರಲ್ಲಿ ಚಿಕ್ಕದಾಗಿ ಕಾಣುತ್ತದೆ. ಸ್ಕೇಲ್‌ನ ವರ್ಗದಿಂದ ಸಿಗುವುದು ಮಟ್ಟ ನೆಲದ ಲೆಕ್ಕದ ವಿಸ್ತೀರ್ಣ. 10 ಡಿಗ್ರಿ ಇಳಿಜಾರಿನಲ್ಲಿ ಮೇಲ್ಮೈ ಅದಕ್ಕಿಂತ ಶೇಕಡಾ 1.5ರಷ್ಟು ಮಾತ್ರ ಜಾಸ್ತಿ. 30 ಡಿಗ್ರಿಯಲ್ಲಿ ಶೇಕಡಾ 15 ಜಾಸ್ತಿ. 45ರಲ್ಲಿ ಶೇಕಡಾ 41. ಮಳೆ ಎಷ್ಟು ಬೀಳುತ್ತದೆ ಎಂಬ ಲೆಕ್ಕಕ್ಕೆ ಮಟ್ಟ ವಿಸ್ತೀರ್ಣವೇ ಬೇಕು, ಏಕೆಂದರೆ ಮಳೆಯನ್ನೂ ಮಟ್ಟ ನೆಲದ ಮೇಲೆ ನಿಂತ ನೀರಿನ ಆಳವಾಗಿಯೇ ಅಳೆಯುತ್ತಾರೆ. ಇಳಿಜಾರಿಗೆ ಹುಲ್ಲು ಹೊದಿಸಲು ಎಷ್ಟು ಬೇಕು ಎಂದು ಕೇಳಿದರೆ ಮಾತ್ರ ಮೇಲ್ಮೈಯ ವಿಸ್ತೀರ್ಣ ಬೇಕಾಗುತ್ತದೆ. ಮೊದಲು ಪ್ರಶ್ನೆ ಯಾವುದು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ರಸ್ತೆಯ ವಿಷಯದಲ್ಲಿ ಈ ಲೆಕ್ಕ ಸುಮ್ನೆ ಕೆಟ್ಟುಹೋಗುತ್ತದೆ. 1:25,000 ನಕ್ಷೆಯಲ್ಲಿ 6 ಮೀಟರ್ ಅಗಲದ ರಸ್ತೆಯನ್ನು ಸ್ಕೇಲ್ ಪ್ರಕಾರ ಎಳೆದರೆ 0.24 ಮಿಲಿಮೀಟರ್ ಆಗುತ್ತದೆ. ಅಷ್ಟು ಸಪೂರ ಗೆರೆ ಓದುವವರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ ಎಂದು ನಕ್ಷೆ ಮಾಡುವವರು ಅದನ್ನು ದಪ್ಪ ಮಾಡಿ ಎಳೆಯುತ್ತಾರೆ. ಅದು ರಸ್ತೆ ಇಲ್ಲಿದೆ ಎಂದು ಹೇಳುವ ಗುರುತು, ರಸ್ತೆಯ ಆಕಾರವಲ್ಲ. ಸಣ್ಣ ಕಟ್ಟಡ, ಬಾವಿ, ಕಿರು ಹಳ್ಳಗಳಿಗೂ ಇದೇ ಮಾತು. ಇಂಥ ಗುರುತುಗಳ ವಿಸ್ತೀರ್ಣ ಅಳೆದು ವರ್ಗದಿಂದ ಗುಣಿಸಿದರೆ ಇಲ್ಲದ ನೆಲ ಹುಟ್ಟುತ್ತದೆ.

ಇನ್ನು ಇಡೀ ಪ್ರಪಂಚದ ನಕ್ಷೆ. ಕೆಲವು ಕಿಲೋಮೀಟರ್ ಜಾಗದಲ್ಲಿ ಸ್ಕೇಲ್ ಎಲ್ಲ ಕಡೆ ಒಂದೇ ಎಂದುಕೊಂಡರೆ ತೊಂದರೆ ಇಲ್ಲ. ಪ್ರಪಂಚದ ನಕ್ಷೆಯಲ್ಲಿ ಹಾಗಲ್ಲ. ಮರ್ಕೇಟರ್ ನಕ್ಷೆಯಲ್ಲಿ 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದಗಳು ಸಮಭಾಜಕ ವೃತ್ತದ ಬಳಿ ಇರುವುದಕ್ಕಿಂತ ಎರಡು ಪಟ್ಟು ಹಿಗ್ಗಿರುತ್ತವೆ. ವಿಸ್ತೀರ್ಣ ನಾಲ್ಕು ಪಟ್ಟು. ಇನ್ನೂ ಮೇಲೆ ಹೋದಂತೆ ಇನ್ನೂ ಜಾಸ್ತಿ. ಅದಕ್ಕೇ ಆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಸುಮಾರು 3 ಕೋಟಿ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡ್ ಸುಮಾರು 22 ಲಕ್ಷ. ಇಲ್ಲೂ ಕೆಲಸ ಮಾಡುತ್ತಿರುವುದು ಅದೇ ವರ್ಗ. ಆದರೆ ಸ್ಕೇಲ್ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ, ಒಂದೇ ಸಂಖ್ಯೆಯಿಂದ ಗುಣಿಸಿ ಮುಗಿಸಲು ಆಗುವುದಿಲ್ಲ.

ನೀರಿನ ಲೆಕ್ಕಕ್ಕೆ

ತಂಡಕ್ಕೆ ಬೇಕಿದ್ದದ್ದು ಕೊನೆಗೆ ನೀರು. ಅಲ್ಲಿ ಒಬ್ಬರು ಕೇಳಿದರು: ವಿಸ್ತೀರ್ಣಕ್ಕೆ ವರ್ಗ ಆದರೆ, ನೀರಿನ ಗಾತ್ರಕ್ಕೆ ಸ್ಕೇಲ್‌ನ ಘನ ಹಾಕಬೇಕಲ್ಲವೇ? ಬೇಡ. ಕೆರೆಯ ಆಳ ನಕ್ಷೆಯ ಮೇಲೆ ಅಳೆದದ್ದಲ್ಲ. ದೋಣಿಯಲ್ಲಿ ಹೋಗಿ ಹಗ್ಗ ಬಿಟ್ಟು ಅಳೆದದ್ದು, ಅದು ಆಗಲೇ ನಿಜವಾದ ಮೀಟರ್. ಉದ್ದ, ಅಗಲ ಎರಡು ಮಾತ್ರ ನಕ್ಷೆಯಿಂದ ಬಂದಿವೆ. ಹಾಗಾಗಿ ಸ್ಕೇಲ್ ಎರಡೇ ಸಲ ಬರುತ್ತದೆ. ಮೂರು ಅಳತೆಯನ್ನೂ ಒಂದು ಮಾದರಿಯಿಂದ ತೆಗೆದಿದ್ದರೆ ಆಗ ಘನ ಬೇಕಾಗುತ್ತಿತ್ತು.

ಸರಾಸರಿ ಆಳ 2 ಮೀಟರ್ ಎಂದಿತ್ತು. 12,50,000 ಚದರ ಮೀಟರ್‌ಗೆ 2 ಮೀಟರ್ ಆಳ ಅಂದರೆ 25 ಲಕ್ಷ ಘನ ಮೀಟರ್ ನೀರು. ಮೂರನೆಯವರ ವಿಸ್ತೀರ್ಣ ಹಾಕಿದ್ದರೆ ಸುಮಾರು 12.6 ಲಕ್ಷ, ಎರಡನೆಯವರದು ಹಾಕಿದ್ದರೆ ಸುಮಾರು 50 ಲಕ್ಷ ಆಗುತ್ತಿತ್ತು. ಹಾಳೆಯ ಮೇಲಿನ ತಪ್ಪು ಅಷ್ಟೇ ಪಾಲಿನಲ್ಲಿ ನೀರಿಗೂ ಇಳಿಯುತ್ತದೆ.

ವರದಿಯಲ್ಲಿ ತಂಡ ಬರೀ 125 ಎಂದು ಬರೆಯಲಿಲ್ಲ. ಯಾವ ಪ್ರತಿಯ ಮೇಲೆ ಎಣಿಸಿದ್ದು, ಒಂದು ಕಿಲೋಮೀಟರ್ ಗ್ರಿಡ್ ಚೌಕ ಆ ಪ್ರತಿಯಲ್ಲಿ 2.84 × 2.83 ಸೆಂಟಿಮೀಟರ್ ಇತ್ತು, ಕೆರೆ 40.5 ಪುಟ್ಟ ಚೌಕ ಹಿಡಿಯಿತು, ದಡ ಎಂದರೆ ಗೆರೆಯ ನಡುಭಾಗ, ಇಷ್ಟನ್ನೂ ಪಕ್ಕದಲ್ಲಿ ಬರೆದರು. ನಕ್ಷೆಗಾಗಿ ಸರ್ವೆ ಮಾಡಿದ ವರ್ಷವನ್ನೂ ಸೇರಿಸಿದರು, ಏಕೆಂದರೆ ಆ ದಡ ಅಂದಿನ ನೀರಿನ ಮಟ್ಟದ್ದು. ಮುಂದೆ ಬೇರೆ ಯಾರಾದರೂ ಇನ್ನೊಂದು ಗಾತ್ರದ ಪ್ರತಿ ಹಿಡಿದು ಬಂದರೆ, ಈ ನಾಲ್ಕು ಸಾಲಿನಿಂದಲೇ ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡಬಹುದು.